ಕರೆಂಟ್ ಹೋದಾಗ ಕಾರಿನಿಂದ ಮನೆಗೆ: ಎಷ್ಟು ಓಡುತ್ತದೆ, ಎಲ್ಲಿ ನಿಲ್ಲುತ್ತದೆ

ರಾತ್ರಿ ಹತ್ತು ಗಂಟೆಗೆ ನನ್ನ ಎಲೆಕ್ಟ್ರಿಕ್ ಕಾರಿನ ಪರದೆ ನೋಡಿದಾಗ ಬ್ಯಾಟರಿ 68 ಪರ್ಸೆಂಟ್ ಇತ್ತು. ಬೆಳಿಗ್ಗೆ ಆರಕ್ಕೆ ನೋಡಿದೆ, 63. ಕರೆಂಟ್ ಇಲ್ಲದ ಆ ಎಂಟು ಗಂಟೆ ಕಾರಿನಿಂದ ಓಡಿದ್ದು ಒಂದು ಫ್ಯಾನ್, ಒಂದು ವೈಫೈ ರೂಟರ್, ಒಂದು ಸಣ್ಣ ಎಲ್‌ಇಡಿ ಬಲ್ಬ್. ಅಷ್ಟೇ.

ಲೆಕ್ಕ ಹಾಕಿ ನೋಡೋಣ. ಫ್ಯಾನ್ 50 ವ್ಯಾಟ್, ರೂಟರ್ 10, ಬಲ್ಬ್ 10. ಒಟ್ಟು 70 ವ್ಯಾಟ್. ಎಂಟು ಗಂಟೆಗೆ 560 ವ್ಯಾಟ್-ಅವರ್, ಅಂದರೆ ಅರ್ಧ ಯೂನಿಟ್‌ಗಿಂತ ಚೂರು ಜಾಸ್ತಿ. ನನ್ನ ಕಾರಿನ ಬ್ಯಾಟರಿಯಲ್ಲಿ ಬಳಸಲು ಸಿಗುವುದು ಸುಮಾರು 50 ಯೂನಿಟ್. ಹಾಗಾಗಿ 1 ಪರ್ಸೆಂಟ್ ಅಂದರೆ ಅರ್ಧ ಯೂನಿಟ್. 5 ಪರ್ಸೆಂಟ್ ಇಳಿದಿದೆ ಅಂದರೆ ಎರಡೂವರೆ ಯೂನಿಟ್ ಹೋಗಿದೆ. ಮನೆ ಬಳಸಿದ್ದು ಅರ್ಧ ಯೂನಿಟ್. ಉಳಿದ ಎರಡು ಯೂನಿಟ್ ಎಲ್ಲಿಗೆ ಹೋಯಿತು?

ಅದನ್ನು ಕಾರೇ ತಿಂದಿತ್ತು. ಹೀಗೆ ಕಾರಿನ ಬ್ಯಾಟರಿಯಿಂದ ಹೊರಗಿನ ಸಾಮಾನಿಗೆ ಕರೆಂಟ್ ಕೊಡುವ ಸೌಲಭ್ಯಕ್ಕೆ ವಿ-ಟು-ಎಲ್ ಅನ್ನುತ್ತಾರೆ. ಅದರ ಬಗ್ಗೆ ಮಾತಾಡುವಾಗ ಎಲ್ಲರೂ ಔಟ್‌ಪುಟ್ ಎಷ್ಟು ಕಿಲೋವ್ಯಾಟ್ ಅಂತ ಕೇಳುತ್ತಾರೆ. ಅದು ಮುಖ್ಯವೇ. ಆದರೆ ಕರೆಂಟ್ ಗಂಟೆಗಟ್ಟಲೆ ಬಾರದೇ ಇದ್ದಾಗ ಎಷ್ಟು ದಿನ ತಾಳುತ್ತೀರಿ ಅನ್ನುವುದನ್ನು ತೀರ್ಮಾನಿಸುವುದು ಯಾರೂ ಕೇಳದ ಈ ಇನ್ನೊಂದು ಅಂಕಿ: ಸುಮ್ನೆ ಎಚ್ಚರವಾಗಿರುವುದಕ್ಕೇ ಕಾರು ಎಷ್ಟು ಬಳಸುತ್ತದೆ.

ಕಾರು ಯಾಕೆ ಅಷ್ಟು ತಿನ್ನುತ್ತದೆ

ಕಾರಿನ ದೊಡ್ಡ ಬ್ಯಾಟರಿಯಲ್ಲಿ ಇರುವುದು ಡಿಸಿ ಕರೆಂಟ್. ಹೆಚ್ಚಿನ ಕಾರುಗಳಲ್ಲಿ ಸುಮಾರು 400 ವೋಲ್ಟ್, ಕೆಲವದರಲ್ಲಿ 800 ವೋಲ್ಟ್ ಆಸುಪಾಸು. ಮನೆಯ ಸಾಮಾನಿಗೆ ಬೇಕಾಗುವುದು ಎಸಿ. ಕಾರಿನೊಳಗೆ ಒಂದು ಚಾರ್ಜರ್ ಇದೆ. ಗೋಡೆಯಿಂದ ಬಂದ ಎಸಿಯನ್ನು ಡಿಸಿ ಮಾಡಿ ಬ್ಯಾಟರಿಗೆ ತುಂಬುವುದು ಅದರ ಕೆಲಸ. ವಿ-ಟು-ಎಲ್ ಇರುವ ಕಾರಿನಲ್ಲಿ ಇದೇ ಚಾರ್ಜರ್ ಹಿಮ್ಮುಖವಾಗಿಯೂ ಕೆಲಸ ಮಾಡಬಲ್ಲದು. ಚಾರ್ಜಿಂಗ್ ಬಾಯಿಗೆ ಒಂದು ಅಡಾಪ್ಟರ್ ಸಿಕ್ಕಿಸುತ್ತೀರಿ. ಅದರೊಳಗಿನ ಒಂದು ರೆಸಿಸ್ಟರ್ ನೋಡಿ ಕಾರು, ಇದು ಚಾರ್ಜ್ ಮಾಡುವ ಕೇಬಲ್ ಅಲ್ಲ, ಕರೆಂಟ್ ಹೊರಗೆ ಕೊಡಬೇಕು ಅಂತ ತಿಳಿದುಕೊಳ್ಳುತ್ತದೆ. ಅಡಾಪ್ಟರಿನ ಇನ್ನೊಂದು ತುದಿಯಲ್ಲಿ ಮಾಮೂಲಿ ಸಾಕೆಟ್ ಇರುತ್ತದೆ.

ಇದಿಷ್ಟು ನಡೆಯಬೇಕಾದರೆ ದೊಡ್ಡ ಬ್ಯಾಟರಿಯ ಕಾಂಟ್ಯಾಕ್ಟರ್‌ಗಳು, ಅಂದರೆ ಒಳಗಿನ ಭಾರಿ ಸ್ವಿಚ್‌ಗಳು, ಒತ್ತಿಕೊಂಡೇ ಇರಬೇಕು. ಬ್ಯಾಟರಿ ಕಾಯುವ ಕಂಪ್ಯೂಟರ್ ಎಚ್ಚರವಾಗಿರಬೇಕು. 12 ವೋಲ್ಟ್ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವ ಭಾಗ ಓಡಬೇಕು. ಚಾರ್ಜರ್ ಬಿಸಿಯಾಗದಂತೆ ಕೂಲಂಟ್ ಪಂಪ್ ಆಗಾಗ ತಿರುಗಬೇಕು. ಹೊರಗೆ 70 ವ್ಯಾಟ್ ಕೊಟ್ಟರೂ ಇವೆಲ್ಲ ಬೇಕು, 3000 ವ್ಯಾಟ್ ಕೊಟ್ಟರೂ ಬೇಕು. ಒಬ್ಬ ಪ್ರಯಾಣಿಕನಿಗಾಗಿ ಇಡೀ ಬಸ್ ಓಡಿಸಿದ ಹಾಗೆ.

ನನ್ನ ಆ ರಾತ್ರಿಯ ಲೆಕ್ಕದಲ್ಲಿ ಈ ಸ್ವಂತ ಖರ್ಚು ಸುಮಾರು 240 ವ್ಯಾಟ್ ಬಂತು. ಎರಡು ಯೂನಿಟ್‌ಗಿಂತ ಚೂರು ಕಡಿಮೆ ಇದ್ದದ್ದನ್ನು ಎಂಟು ಗಂಟೆಯಿಂದ ಭಾಗಿಸಿದೆ, ಅಷ್ಟೇ. ಇದು ಕಾರಿನಿಂದ ಕಾರಿಗೆ ಬೇರೆ. ಒಂದೇ ಕಾರಿನಲ್ಲೂ ಪರದೆ ಆನ್ ಇದ್ದರೆ ಒಂದು, ಕಾರು ಲಾಕ್ ಮಾಡಿದರೆ ಇನ್ನೊಂದು. ನಿಮ್ಮ ಕಾರಿನ ಅಂಕಿಯನ್ನು ನೀವೇ ಅಳೆಯಬೇಕು. ಕೊನೆಯಲ್ಲಿ ಹೇಳುತ್ತೇನೆ.

ಈಗ ಎರಡು ದಿನ ಕರೆಂಟ್ ಇಲ್ಲದ ಮನೆಯನ್ನು ತಗೊಳ್ಳೋಣ. ಅದೇ 50 ಯೂನಿಟ್ ಬ್ಯಾಟರಿ, 70 ಪರ್ಸೆಂಟ್ ತುಂಬಿದೆ. 30 ಪರ್ಸೆಂಟ್ ಮುಟ್ಟಬಾರದು ಅಂತ ಇಟ್ಟುಕೊಳ್ಳಿ. ಯಾಕೆಂದರೆ ನಿಮ್ಮ ಮನೆಗೆ ಕರೆಂಟ್ ಇಲ್ಲದಿದ್ದಾಗ ಹತ್ತಿರದ ಚಾರ್ಜಿಂಗ್ ಸ್ಟೇಷನ್‌ಗೂ ಇಲ್ಲದಿರಬಹುದು. ಕರೆಂಟ್ ಇರುವ ಜಾಗದವರೆಗೆ, ಅಥವಾ ಆಸ್ಪತ್ರೆಗೆ, ಓಡಿಸಿಕೊಂಡು ಹೋಗುವಷ್ಟು ಉಳಿದಿರಲೇಬೇಕು. ಎಷ್ಟಕ್ಕೆ ಇಳಿದಾಗ ಔಟ್‌ಪುಟ್ ನಿಲ್ಲಬೇಕು ಅನ್ನುವ ಮಿತಿಯನ್ನು ಹಲವು ಕಾರುಗಳ ಸೆಟ್ಟಿಂಗ್‌ನಲ್ಲೇ ಹಾಕಿಡಬಹುದು. ಮರೆಯದೆ ಹಾಕಿ. ಹಾಗಾದರೆ ಬಳಸಲು ಸಿಗುವುದು 40 ಪರ್ಸೆಂಟ್, 20 ಯೂನಿಟ್.

ಮನೆಯ ಖರ್ಚು ದಿನಕ್ಕೆ ಹೀಗಿರಲಿ. ಫ್ರಿಜ್ 1.2 ಯೂನಿಟ್. ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಫ್ಯಾನ್, ಲೈಟು, ರೂಟರ್, ಮೊಬೈಲ್ ಚಾರ್ಜಿಂಗ್ ಎಲ್ಲ ಸೇರಿ 100 ವ್ಯಾಟ್‌ನಂತೆ 1.1 ಯೂನಿಟ್. ಅಡುಗೆಗೆ ಇಂಡಕ್ಷನ್ ಸ್ಟವ್ ಒಂದು ಗಂಟೆ, 1.5 ಯೂನಿಟ್. ಒಟ್ಟು 3.8. ಡಿಸಿಯಿಂದ ಎಸಿ ಮಾಡುವಾಗ ಹತ್ತು ಪರ್ಸೆಂಟ್ ಕಳೆಯುತ್ತದೆ ಅಂದುಕೊಂಡರೆ 4.2 ಯೂನಿಟ್.

ಔಟ್‌ಪುಟ್ಟನ್ನು 24 ಗಂಟೆಯೂ ಆನ್ ಇಟ್ಟರೆ ಕಾರಿನ ಸ್ವಂತ ಖರ್ಚು 5.8 ಯೂನಿಟ್. ಅಂದರೆ ಮನೆಗಿಂತ ಕಾರಿಗೇ ಜಾಸ್ತಿ! ಒಟ್ಟು ದಿನಕ್ಕೆ 10 ಯೂನಿಟ್. 20 ಯೂನಿಟ್ ಸರಿಯಾಗಿ ಎರಡೇ ದಿನಕ್ಕೆ ಮುಗಿಯುತ್ತದೆ.

ಅದೇ ಮನೆಯವರು ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಆನ್ ಇಟ್ಟು, ಹಗಲಲ್ಲಿ ಹತ್ತರಿಂದ ಹನ್ನೆರಡು, ಮತ್ತೆ ನಾಲ್ಕರಿಂದ ಐದು ಮಾತ್ರ ಓಡಿಸಿದರು ಅನ್ನಿ. ಒಟ್ಟು 14 ಗಂಟೆ. ಕಾರಿನ ಖರ್ಚು 3.4 ಯೂನಿಟ್‌ಗೆ ಇಳಿಯುತ್ತದೆ. ದಿನದ ಒಟ್ಟು 7.6. ಈಗ ಅದೇ 20 ಯೂನಿಟ್ ಎರಡೂವರೆ ದಿನ ದಾಟುತ್ತದೆ. ಮನೆಯಲ್ಲಿ ಯಾವುದನ್ನೂ ಕಡಿಮೆ ಮಾಡದೆ ಸಿಕ್ಕ ಅರ್ಧ ದಿನ ಇದು.

ಹಗಲಿನ ಬಿಡುವು ನಾಲ್ಕು ಗಂಟೆ ಮೀರದಂತೆ ಇಟ್ಟಿದ್ದು ಫ್ರಿಜ್‌ಗಾಗಿ. ಬಾಗಿಲು ತೆಗೆಯದೆ ಇಟ್ಟರೆ ಫ್ರಿಜ್ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ ಅನ್ನುವುದು ಆಹಾರ ಸುರಕ್ಷತೆಯವರು ಹೇಳುವ ಲೆಕ್ಕ. ಫ್ರೀಜರ್ ತುಂಬಿದ್ದರೆ ಅದು ಇನ್ನೂ ತುಂಬಾ ಹೊತ್ತು ತಡೆಯುತ್ತದೆ. ಅಡುಗೆಯನ್ನು ಫ್ರಿಜ್ ಓಡುವ ಹೊತ್ತಿನಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಹೇಗೂ ಕಾರು ಎಚ್ಚರವಾಗಿದೆ, ಆ ಖರ್ಚು ಎರಡಕ್ಕೂ ಹಂಚಿಹೋಗುತ್ತದೆ.

ಮನೆಯಲ್ಲಿ ಯುಪಿಎಸ್ ಇರುವವರಿಗೆ ಒಂದು ಉಪಾಯ ಹೊಳೆಯುತ್ತದೆ. ಹಗಲಲ್ಲಿ ಕಾರಿನಿಂದ ಯುಪಿಎಸ್ ಬ್ಯಾಟರಿ ತುಂಬಿಸಿ, ರಾತ್ರಿ ಕಾರು ಆಫ್ ಮಾಡಿ ಮಲಗಿದರಾಯಿತು, ಅಲ್ವಾ? ಬ್ಯಾಟರಿ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ದೊಡ್ಡ ಲೆಡ್-ಆಸಿಡ್ ಬ್ಯಾಟರಿ ನಿಧಾನವಾಗಿ ತುಂಬುತ್ತದೆ. 12 ವೋಲ್ಟ್, 150 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ಹಿಡಿಯುವುದೇ ಸುಮಾರು 1.8 ಯೂನಿಟ್, ತುಂಬಲು ಹತ್ತು ಗಂಟೆಯ ಮೇಲೆ ಬೇಕು. ಆ ಹತ್ತು ಗಂಟೆಯಲ್ಲಿ ಕಾರು ತಾನೇ 2.4 ಯೂನಿಟ್ ತಿಂದಿರುತ್ತದೆ. ನಷ್ಟದ ಬಾಬತ್ತು. ಒಂದೆರಡು ಗಂಟೆಯಲ್ಲಿ ತುಂಬುವ ಲಿಥಿಯಂ ಪವರ್ ಸ್ಟೇಷನ್ ಆದರೆ ಈ ಉಪಾಯ ನಿಜಕ್ಕೂ ಲಾಭ.

ಒಂದೇ ಸಲ ಎಷ್ಟು ಎಳೆಯಬಹುದು

ಈಗ ಎಲ್ಲರೂ ಕೇಳುವ ಅಂಕಿಗೆ ಬರೋಣ. ಹ್ಯುಂಡೈ ಅಯಾನಿಕ್ 5, ಕಿಯಾ ಇವಿ6 ಕಾರುಗಳು 230 ವೋಲ್ಟ್ ಬಳಸುವ ಕಡೆ 3.6 ಕಿಲೋವ್ಯಾಟ್‌ವರೆಗೆ ಕೊಡುತ್ತವೆ. ಅಂದರೆ ಸುಮಾರು 16 ಆಂಪಿಯರ್, ಒಂದು ಪವರ್ ಸಾಕೆಟ್‌ನಷ್ಟು. ಇವೇ ಕಾರುಗಳು 120 ವೋಲ್ಟ್‌ನ ಉತ್ತರ ಅಮೆರಿಕದಲ್ಲಿ ಕೊಡುವುದು 1.9 ಕಿಲೋವ್ಯಾಟ್. ಬೇರೆ ಕಾರುಗಳದ್ದು ಇನ್ನೂ ಕಡಿಮೆ ಇರಬಹುದು. ನಿಮ್ಮ ಕಾರಿನ ಪುಸ್ತಕದಲ್ಲಿ ಬರೆದಿರುವುದೇ ಲೆಕ್ಕ. ಅಡಾಪ್ಟರ್ ಮೇಲೆ ಬರೆದದ್ದು ಅದಕ್ಕಿಂತ ಕಡಿಮೆ ಇದ್ದರೆ ಆ ಕಡಿಮೆಯೇ ಮಿತಿ.

3.6 ಕಿಲೋವ್ಯಾಟ್ ಅಂದರೆ ದೊಡ್ಡದಾಗಿ ಕಾಣುತ್ತದೆ. ಆದರೆ ಬಿಸಿ ಮಾಡುವ ಸಾಮಾನುಗಳು ಅದನ್ನು ಬೇಗ ನುಂಗುತ್ತವೆ. ಗೀಸರ್ ಒಂದೇ 2000 ವ್ಯಾಟ್, ಇಂಡಕ್ಷನ್ ಸ್ಟವ್ 1500ರಿಂದ 2000, ಇಸ್ತ್ರಿ ಪೆಟ್ಟಿಗೆ 1000. ಇವನ್ನು ಕೂಡಿಸುವುದು ಸುಲಭ, ಮೇಲೆ ಬರೆದಿರುತ್ತದೆ. ಕೂಡಿಸಲು ಬಾರದೇ ಕೈಕೊಡುವುದು ಮೋಟಾರ್ ಇರುವ ಸಾಮಾನು.

ನನಗೆ ಆದದ್ದನ್ನೇ ಹೇಳುತ್ತೇನೆ. ಫ್ರಿಜ್ ಹಾಕಿದ್ದೆ, ಅದು ತಣ್ಣಗಾಗಿ ಸುಮ್ಮನೆ ನಿಂತಿತ್ತು. ಇಂಡಕ್ಷನ್ ಸ್ಟವ್ 1600 ವ್ಯಾಟ್‌ನಲ್ಲಿ ಉರಿಯುತ್ತಿತ್ತು. ಪಕ್ಕದಲ್ಲಿ ನೀರು ಕಾಯಿಸುವ ಕೆಟಲ್, 1500 ವ್ಯಾಟ್. ಒಟ್ಟು 3100, ಇನ್ನೂ 500 ಜಾಗ ಇದೆ, ಫ್ರಿಜ್ ಓಡಿದರೂ 120 ವ್ಯಾಟ್ ತಾನೇ ಅಂದುಕೊಂಡೆ. ಎರಡು ನಿಮಿಷಕ್ಕೆ ಫ್ರಿಜ್ ಕಂಪ್ರೆಸರ್ ಶುರುವಾಗಲು ಹೋಯಿತು. ಟಪ್ ಅಂತ ಎಲ್ಲ ಆಫ್. ಕಾರಿನ ಪರದೆಯಲ್ಲಿ ಎಚ್ಚರಿಕೆ ಬಂತು.

ಆಗಿದ್ದು ಇದು. ಹಳೆಯ ಮಾದರಿಯ ಕಂಪ್ರೆಸರ್ ನಿಂತ ಜಾಗದಿಂದ ತಿರುಗಲು ಶುರುಮಾಡುವ ಆ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಐದಾರು ಪಟ್ಟು, ಕೆಲವು ಸಲ ಇನ್ನೂ ಜಾಸ್ತಿ ಎಳೆಯುತ್ತದೆ. ಮನೆಯ ಮಾಮೂಲಿ ಲೈನಿಗೆ ಅದು ಗೊತ್ತೇ ಆಗುವುದಿಲ್ಲ. ಎಂಸಿಬಿ ಕೂಡ ಒಂದು ಕ್ಷಣದ ಎಳೆತವನ್ನು ಸಹಿಸಿಕೊಳ್ಳುತ್ತದೆ. ಕಾರಿನ ಚಾರ್ಜರ್ ಹಾಗಲ್ಲ. ಅದರೊಳಗಿನ ಟ್ರಾನ್ಸಿಸ್ಟರ್‌ಗಳು ಮಿತಿ ಮೀರಿದ ಕರೆಂಟನ್ನು ಅಷ್ಟು ಹೊತ್ತೂ ತಡೆಯಲಾರವು. ಹಾಗಾಗಿ ತಮ್ಮನ್ನು ಉಳಿಸಿಕೊಳ್ಳಲು ಕಣ್ಣು ಮಿಟುಕಿಸುವುದರೊಳಗೆ ಆಫ್ ಆಗುತ್ತವೆ.

ನಾನು ಮಾಡಿದ ಎರಡನೇ ತಪ್ಪು ಇನ್ನೂ ಪಾಠ ಕಲಿಸುವಂಥದ್ದು. ಕೆಟಲ್, ಸ್ಟವ್ ಎರಡನ್ನೂ ತೆಗೆದು ತಕ್ಷಣ ಮತ್ತೆ ಆನ್ ಮಾಡಿದೆ. ಬರೀ ಫ್ರಿಜ್ ಇತ್ತು. ಆದರೆ ಅದು ಓಡಲಿಲ್ಲ. ಒಳಗಿನಿಂದ ಗುಂಯ್ ಅಂತ ಸದ್ದು, ಆಮೇಲೆ ಕ್ಲಿಕ್, ಮತ್ತೆ ಮೌನ. ಕಂಪ್ರೆಸರ್ ನಿಂತ ಕೂಡಲೇ ಅದರ ಒಂದು ಬದಿಯಲ್ಲಿ ಗ್ಯಾಸಿನ ಒತ್ತಡ ಜಾಸ್ತಿ, ಇನ್ನೊಂದು ಬದಿಯಲ್ಲಿ ಕಡಿಮೆ ಇರುತ್ತದೆ. ಎರಡೂ ಸಮ ಆಗಲು ಕೆಲವು ನಿಮಿಷ ಬೇಕು. ಅದಕ್ಕೆ ಮೊದಲೇ ಕರೆಂಟ್ ಕೊಟ್ಟರೆ ಮೋಟಾರ್ ಆ ಒತ್ತಡದ ಎದುರು ತಿರುಗಲಾಗದೆ ಬಿಗಿದುಕೊಳ್ಳುತ್ತದೆ, ಶುರುವಾಗುವಾಗಿನ ಭಾರಿ ಕರೆಂಟನ್ನೇ ಎಳೆಯುತ್ತಾ ನಿಲ್ಲುತ್ತದೆ. ಆ ಕ್ಲಿಕ್ ಅಂದದ್ದು ಮೋಟಾರ್ ಸುಡದಂತೆ ಕಾಯುವ ರಿಲೇ. ಹಾಗಾಗಿ ಟ್ರಿಪ್ ಆದರೆ ಫ್ರಿಜ್ಜಿನ ಪ್ಲಗ್ ತೆಗೆದು ಐದು ನಿಮಿಷ ಕಾಯಿರಿ. ಆಮೇಲೆ ಮೊದಲು ಫ್ರಿಜ್ ಒಂದನ್ನೇ ಹಾಕಿ, ಅದು ಓಡಲು ಶುರುವಾದ ಮೇಲೆ ಬೇರೆಯದು.

ಇನ್ವರ್ಟರ್ ಕಂಪ್ರೆಸರ್ ಇರುವ ಹೊಸ ಫ್ರಿಜ್, ಎಸಿಗಳಲ್ಲಿ ಈ ಕಾಟ ಇಲ್ಲ. ಅವು ನಿಧಾನವಾಗಿ ವೇಗ ಏರಿಸಿಕೊಳ್ಳುತ್ತವೆ. ನೀರಿನ ಪಂಪ್ ಮಾತ್ರ ಕಷ್ಟದ ಗಿರಾಕಿ. 1 ಎಚ್‌ಪಿ ಪಂಪ್ ಓಡುವಾಗ ಸುಮಾರು 1 ಕಿಲೋವ್ಯಾಟ್ ತಗೊಂಡರೂ ಶುರುವಾಗುವಾಗ 5 ಕಿಲೋವ್ಯಾಟ್‌ನಷ್ಟು ಎಳೆಯಬಹುದು. ಅದನ್ನು ಕರೆಂಟ್ ಇರುವ ದಿನವೇ ಒಮ್ಮೆ ಕಾರಿಗೆ ಹಾಕಿ ನೋಡಿ. ಕತ್ತಲಲ್ಲಿ, ಟ್ಯಾಂಕ್ ಖಾಲಿಯಾದ ಮೇಲೆ ಗೊತ್ತಾಗುವುದು ಬೇಡ.

ಇದೇ ಕಾರಣಕ್ಕೆ ಉಸಿರಾಟದ ಯಂತ್ರದಂಥವನ್ನು ಬರೀ ಕಾರಿನ ಭರವಸೆಯ ಮೇಲೆ ಇಡಬೇಡಿ. ಬೇರೆ ಯಾವುದೋ ಸಾಮಾನಿನಿಂದ ಟ್ರಿಪ್ ಆದರೂ ಅದೂ ಜೊತೆಗೇ ನಿಲ್ಲುತ್ತದೆ. ಅದಕ್ಕೆ ತನ್ನದೇ ಬ್ಯಾಟರಿ ಇರಬೇಕು. ಕಾರು ಆ ಬ್ಯಾಟರಿಯನ್ನು ತುಂಬಿಸಲಿ.

ಗೋಡೆಯ ಸಾಕೆಟ್‌ಗೆ ಮಾತ್ರ ಸಿಕ್ಕಿಸಬೇಡಿ

ಕಾರಿನಿಂದ ಎಕ್ಸ್‌ಟೆನ್ಷನ್ ಕೇಬಲ್ ಎಳೆದು, ಸಾಮಾನನ್ನು ನೇರವಾಗಿ ಅದಕ್ಕೆ ಸಿಕ್ಕಿಸುವುದು ಸರಿಯಾದ ದಾರಿ. ಆದರೆ ಫ್ಯಾನು, ಲೈಟು ಗೋಡೆ, ಸೂರಿನೊಳಗೇ ಇರುತ್ತವಲ್ಲ. ಆಗ ಕೆಲವರು ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಕೊಂಡು, ಒಂದು ತುದಿಯನ್ನು ಕಾರಿಗೂ ಇನ್ನೊಂದನ್ನು ಗೋಡೆಯ ಸಾಕೆಟ್‌ಗೂ ಹಾಕುತ್ತಾರೆ. ಇಡೀ ಮನೆಗೆ ಕರೆಂಟ್ ಬರುತ್ತದೆ, ನಿಜ. ಆದರೆ ಇದು ಜೀವ ತೆಗೆಯುವ ಕೆಲಸ. ಕೈ ಮುಗಿದು ಹೇಳುತ್ತೇನೆ, ಬೇಡ.

ಆ ವೈರಿನ ಒಂದು ತುದಿ ಕಾರಿಗೆ ಸೇರಿದ ಕ್ಷಣದಿಂದ ಇನ್ನೊಂದು ತುದಿಯ ಬರಿಯ ಹಿತ್ತಾಳೆ ಕಡ್ಡಿಗಳಲ್ಲಿ 230 ವೋಲ್ಟ್ ಇರುತ್ತದೆ. ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ಕರೆಂಟ್ ಮೀಟರ್ ದಾಟಿ ಬೀದಿಯ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಎರಡೂ ಕಡೆಗೆ ಕೆಲಸ ಮಾಡುವಂಥದ್ದು. ಮನೆಯ ಕಡೆಯಿಂದ 230 ಕೊಟ್ಟರೆ ಆಚೆ ಕಡೆ ಸಾವಿರಾರು ವೋಲ್ಟ್ ಆಗುತ್ತದೆ. ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದವನ ಕೈ ಅಲ್ಲಿರುತ್ತದೆ. ಇನ್ನು ಅದೇ ಹೊತ್ತಿಗೆ ಕರೆಂಟ್ ವಾಪಸ್ ಬಂದರೆ ಎರಡು ಕರೆಂಟ್ ಎದುರುಬದುರು ಬಡಿದುಕೊಳ್ಳುತ್ತವೆ. ಲೈನಿನ ಬಲದ ಮುಂದೆ ಕಾರಿನ ಚಾರ್ಜರ್ ಉಳಿಯುವುದು ಕಷ್ಟ.

ಮನೆಯ ವೈರಿಂಗಿಗೇ ಕೊಡಬೇಕು ಅಂದರೆ ಅದಕ್ಕೆ ಚೇಂಜ್‌ಓವರ್ ಸ್ವಿಚ್ ಬೇಕು. ಅದು ಲೈನಿಗೆ ಇಲ್ಲವೇ ಕಾರಿಗೆ, ಒಂದಕ್ಕೆ ಮಾತ್ರ ಸೇರುತ್ತದೆ. ಎರಡಕ್ಕೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲದಂತೆ ಮಾಡಿರುತ್ತಾರೆ. ಫೇಸ್ ಜೊತೆಗೆ ನ್ಯೂಟ್ರಲ್ ಕೂಡ ಬದಲಾಗುವ ಎರಡು ಪೋಲಿನ ಸ್ವಿಚ್ ಇರಬೇಕು. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹಾಕಬೇಕು, ಕಾರು ತಯಾರಿಸಿದವರು ಹೀಗೆ ಬಳಸಲು ಒಪ್ಪಿರಬೇಕು. ಹಲವರು ಒಪ್ಪುವುದಿಲ್ಲ. ಅದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ.

ಮನೆಗೆ ಬರುವ ಲೈನಿನಲ್ಲಿ ನ್ಯೂಟ್ರಲ್ ಅನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ನೆಲಕ್ಕೆ ಕಟ್ಟಿರುತ್ತಾರೆ. ಅದಕ್ಕೇ ಟೆಸ್ಟರ್ ಇಟ್ಟರೆ ಫೇಸ್‌ನಲ್ಲಿ ಉರಿಯುತ್ತದೆ, ನ್ಯೂಟ್ರಲ್‌ನಲ್ಲಿ ಇಲ್ಲ. ಹಲವು ಕಾರುಗಳ ಔಟ್‌ಪುಟ್ಟಿನಲ್ಲಿ ಎರಡೂ ತಂತಿ ನೆಲಕ್ಕೆ ಸೇರದೆ ತೇಲುತ್ತಿರುತ್ತವೆ. ಅಲ್ಲಿ ಟೆಸ್ಟರ್ ಇಟ್ಟರೆ ಎರಡೂ ತೂತಿನಲ್ಲಿ ಮಂಕಾಗಿ ಉರಿಯಬಹುದು. ಅಡಾಪ್ಟರ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಅದರ ಸ್ವಭಾವವೇ ಹಾಗೆ. ಆದರೆ ನೆನಪಿಡಬೇಕಾದ ಮಾತು ಇದು: ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಮನೆಯ ಆರ್‌ಸಿಸಿಬಿ ಸ್ವಿಚ್ ಕೆಲಸ ಮಾಡುವುದು ನೆಲದ ಮೂಲಕ ಸೋರಿದ ಕರೆಂಟ್ ನ್ಯೂಟ್ರಲ್‌ಗೆ ಹಿಂತಿರುಗುವ ದಾರಿ ಇದ್ದಾಗ. ತೇಲುವ ಔಟ್‌ಪುಟ್ಟಿನಲ್ಲಿ ಆ ದಾರಿ ಇಲ್ಲ. ಒಂದು ಸಾಮಾನಿನಲ್ಲಿ ಸೋರಿಕೆ ಇದ್ದರೆ ಏನೂ ಆಗದೆ, ಏನೂ ಟ್ರಿಪ್ ಆಗದೆ ಹಾಗೇ ಓಡುತ್ತಿರುತ್ತದೆ. ಇನ್ನೊಂದು ಸಾಮಾನಿನಲ್ಲೂ ಬೇರೆ ತಂತಿಯಿಂದ ಸೋರಿಕೆ ಆಗಿ, ಅವುಗಳ ಅರ್ಥ್ ಪಿನ್ ಮುರಿದಿದ್ದರೆ, ಎರಡನ್ನೂ ಮುಟ್ಟಿದವರಿಗೆ ಪೂರ್ತಿ ಶಾಕ್. ಹಾಗಾಗಿ ಕಾರಿನಿಂದ ಓಡಿಸುವುದು ಕೆಲವೇ ಸಾಮಾನು ಇರಲಿ, ಮೂರು ಪಿನ್ನೂ ಸರಿ ಇರಲಿ, ಮುಟ್ಟಿದರೆ ಜುಂ ಅನ್ನುವ ಹಳೆಯದನ್ನು ಹಾಕಬೇಡಿ. ಕೆಲವು ಉಪಕರಣ ಅರ್ಥ್ ಪರೀಕ್ಷೆ ಮಾಡಿಯೇ ಓಡುತ್ತವೆ. ಇನ್ನೊಂದು ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಅಂಥದ್ದು. ಅದು ಓಡದಿದ್ದರೆ ಅಂತ ನೀವೇ ನ್ಯೂಟ್ರಲ್, ಅರ್ಥ್ ಎರಡನ್ನೂ ಸೇರಿಸಿ ಕಟ್ಟಲು ಹೋಗಬೇಡಿ.

ಎಕ್ಸ್‌ಟೆನ್ಷನ್ ಬಗ್ಗೆ ಒಂದೇ ಮಾತು. 16 ಆಂಪಿಯರ್‌ನದ್ದು, 2.5 ಚದರ ಮಿಲಿಮೀಟರ್ ತಂತಿಯದ್ದು ತಗೊಳ್ಳಿ, ಸುರುಳಿಯನ್ನು ಪೂರ್ತಿ ಬಿಚ್ಚಿ. 30 ಮೀಟರ್ ಉದ್ದದ 1.5ರ ತಂತಿಯಲ್ಲಿ 10 ಆಂಪಿಯರ್ ಹರಿದರೆ ಸುಮಾರು 70 ವ್ಯಾಟ್ ಬಿಸಿ ಹುಟ್ಟುತ್ತದೆ. ಹಾಸಿದ್ದರೆ ಗಾಳಿಗೆ ಆರಿಹೋಗುತ್ತದೆ. ಸುತ್ತಿದ್ದರೆ ನಡುವೆ ಕೂಡಿಕೊಂಡು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಅರ್ಧ ಗಂಟೆಗೆ ಒಮ್ಮೆ ಪ್ಲಗ್ ಮೇಲೆ ಕೈ ಇಟ್ಟು ನೋಡಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ನಿಲ್ಲಿಸಿ. ಮಳೆಯಲ್ಲಿ ಸಾಕೆಟ್ ನೆಲದ ಮೇಲೆ ಬೇಡ.

ಬ್ಯಾಟರಿ ಸವೆಯುತ್ತದಾ ಅಂತ ಕೇಳುತ್ತಾರೆ. ಓಡಿಸುವಾಗ ಕಾರು ಹತ್ತಾರು ಕಿಲೋವ್ಯಾಟ್ ಎಳೆಯುತ್ತದೆ. ಮನೆಯ ಅರ್ಧ ಕಿಲೋವ್ಯಾಟ್ ಅದಕ್ಕೆ ಲೆಕ್ಕಕ್ಕಿಲ್ಲ. ವಾರಂಟಿ ಪುಸ್ತಕದಲ್ಲಿ ಷರತ್ತು ಇದೆಯೇ ಅಂತ ಮಾತ್ರ ನೋಡಿಕೊಳ್ಳಿ.

ಇನ್ನು ಅಳೆಯುವ ವಿಷಯ. ಕರೆಂಟ್ ಇರುವ ಒಂದು ರಾತ್ರಿ ಆರಿಸಿಕೊಳ್ಳಿ. ಪ್ಲಗ್‌ಗೆ ಹಾಕುವ ಸಣ್ಣ ವ್ಯಾಟ್ ಮೀಟರ್ ಒಂದು ಬೇಕು. ಕಾರಿಗೆ ಅಡಾಪ್ಟರ್, ಅದಕ್ಕೆ ಮೀಟರ್, ಮೀಟರಿಗೆ ಒಂದು ಫ್ಯಾನ್ ಹಾಕಿ, ಕಾರು ಲಾಕ್ ಮಾಡಿ, ಪರ್ಸೆಂಟ್ ಬರೆದಿಟ್ಟು ಮಲಗಿ. ಪರದೆ ಅರ್ಧ, ಮುಕ್ಕಾಲು ಪರ್ಸೆಂಟ್ ತೋರಿಸುವುದಿಲ್ಲ, ಹಾಗಾಗಿ ಎಂಟು ಗಂಟೆಗಿಂತ ಕಡಿಮೆ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಇಳಿದ ಪರ್ಸೆಂಟನ್ನು ಯೂನಿಟ್ ಮಾಡಿ, ಮೀಟರ್ ತೋರಿಸಿದ್ದನ್ನು ಅದರಿಂದ ಕಳೆಯಿರಿ. ಉಳಿದದ್ದನ್ನು ವ್ಯಾಟ್-ಅವರ್ ಮಾಡಿ, ಗಂಟೆಗಳಿಂದ ಭಾಗಿಸಿ ಬಂದ ಅಂಕಿಯನ್ನು ಅಡಾಪ್ಟರ್ ಇಡುವ ಚೀಲದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿಡಿ. ನನ್ನ ಚೀಲದ ಮೇಲೆ 240 ಅಂತ ಇದೆ.